ಬಾಟಲಿಯವರಿಗೆ ಮೂರು ತಿಂಗಳ ಅಂದಾಜು ಕಳಿಸಿದವರು ಯಾರಾದ್ರೂ ಇದ್ದೀರಾ?

ಕೇಳಿದವರು, ಶಿರಸಿ: ನಮ್ಮದು ಸಣ್ಣ ಕೋಕಂ ಶರಬತ್ತು ಘಟಕ. 750 ಮಿ.ಲೀ. ಪೆಟ್ ಬಾಟಲಿ ಹುಬ್ಬಳ್ಳಿಯಿಂದ ಬರ್ತದೆ. ಮೇ ತಿಂಗಳಲ್ಲಿ ಪ್ರತಿ ವರ್ಷ ಬಾಟಲಿಗೆ ಪರದಾಟ. ಈ ಸಲ ಏಪ್ರಿಲ್‌ಗೆ 12,000, ಮೇಗೆ 18,000, ಜೂನ್‌ಗೆ 10,000 ಅಂತ ಮೊದಲೇ ಅಂದಾಜು ಕೊಟ್ಟು, ಅಷ್ಟಕ್ಕೆ ಮೆಷಿನ್ ಕಾಯ್ದಿರಿಸಿ ಅಂತ ಕೇಳೋಣ ಅಂತಿದ್ದೇನೆ. ಅಂದಾಜನ್ನೇ ಆರ್ಡರ್ ಅಂದುಕೊಂಡು ನಮ್ಮ ತಲೆಗೆ ಕಟ್ಟಿದರೆ? ಹೇಗೆ ಬರೆಯೋದು?

ಕುಮಟಾದ ಉಪ್ಪಿನಕಾಯಿ ಘಟಕದವರು: ಸುಮ್ನೆ ಶೇ. 30 ಜಾಸ್ತಿ ಬರೆದು ಕಳಿಸಿ. ಹೇಗೂ ಅವರು ಕಡಿಮೆಯೇ ಕೊಡೋದು. ನಾವು ಜಾಡಿಗೆ ಹಾಗೇ ಮಾಡ್ತೇವೆ. ಬೇಕಾದಷ್ಟು ಕೈಗೆ ಬರ್ತದೆ.

ಅಂಕೋಲಾದಿಂದ ಒಬ್ಬರು: ಜೂನ್ ಲೆಕ್ಕದಲ್ಲಿ ಘಟ್ಟದ ರಸ್ತೆ ಮರೀಬೇಡಿ. ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದರೆ ಹುಬ್ಬಳ್ಳಿ ಲಾರಿ ಕೆಳಗೆ ಇಳಿಯೋದಿಲ್ಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಗಿತ್ತು. ನಮಗೆ ಬರಬೇಕಾದ ಸಾಮಾನೆಲ್ಲ ಸುತ್ತು ಹಾಕಿಕೊಂಡು ಬಂತು.

ಹುಬ್ಬಳ್ಳಿಯಲ್ಲಿ ಖರೀದಿ ವಿಭಾಗದಲ್ಲಿರುವವರು (ಊರು ಸಿದ್ದಾಪುರ): ಅಂಕೋಲಾದವರು ಹೇಳಿದ್ದು ಅವರಿಗೆ ಸರಿ. ಆದರೆ ಹುಬ್ಬಳ್ಳಿಯಿಂದ ಶಿರಸಿಗೆ ಮುಂಡಗೋಡ ಮೇಲೆ ಬಂದರೆ ಘಟ್ಟ ಸಿಗೋದಿಲ್ಲ. ನಿಮಗೆ ಘಟ್ಟದ ತೊಂದರೆ ಶರಬತ್ತು ಕುಮಟಾ, ಗೋಕರ್ಣಕ್ಕೆ ಇಳಿಸುವಾಗ. ದೇವಿಮನೆ ಘಟ್ಟ ಬಂದಾದರೆ ಮಾರಾಟ ನಿಲ್ತದೆ, ಬಾಟಲಿ ಮಾತ್ರ ಬರ್ತಾನೇ ಇರ್ತದೆ. ಜೂನ್‌ನ 10,000 ಅಷ್ಟು ಗಟ್ಟಿ ಅಲ್ಲ ಅನ್ನೋದು ಅದಕ್ಕೇ. ಮಳೆ ಒಂದು ವಾರ ಬೇಗ ಹಿಡಿದರೂ ಶರಬತ್ತು ಕೇಳುವವರು ಕಡಿಮೆ ಆಗ್ತಾರೆ.

ಹಾಗಾಗಿ ಮೂರು ತಿಂಗಳಿಗೂ ಒಂದೇ ತೂಕದ ಮಾತು ಕೊಡಬೇಡಿ. ಹತ್ತಿರದ ತಿಂಗಳು ಪಕ್ಕಾ, ಅದರ ಮುಂದಿನದು ಶೇ. 15 ಆಚೀಚೆ, ಮೂರನೆಯದು ಶೇ. 30 ಆಚೀಚೆ. ಪ್ರತಿ ತಿಂಗಳು ಒಂದೇ ತಾರೀಕಿಗೆ ಹೊಸ ಹಾಳೆ ಕಳಿಸಿ. ಒಂದು ತಿಂಗಳು ಮುಗಿದ ಹಾಗೆ ಮುಂದಿನದು ಒಂದು ಸೇರಿಕೊಳ್ತದೆ. ಮೊದಲು ‘ಆಚೀಚೆ’ಯಲ್ಲಿ ಇದ್ದ ಮೇ ತಿಂಗಳು, ಏಪ್ರಿಲ್‌ನಲ್ಲಿ ಕಳಿಸುವ ಹಾಳೆಯಲ್ಲಿ ಪಕ್ಕಾ ಆಗ್ತದೆ. ಆರ್ಡರ್ ಅನ್ನೋದು ಪಕ್ಕಾ ತಿಂಗಳಿಗೆ ಮಾತ್ರ ಅಂತ ಮೊದಲ ಸಾಲಿನಲ್ಲೇ ಹಾಕಿ.

ಶೇ. 30 ಉಬ್ಬಿಸುವ ಉಪಾಯ ಒಂದು ಸೀಸನ್ ನಡೀತದೆ. ನಮ್ಮಲ್ಲಿ ಪ್ರತಿ ಗಿರಾಕಿ ಹೇಳಿದ್ದೆಷ್ಟು, ಎತ್ತಿದ್ದೆಷ್ಟು ಅಂತ ಪುಸ್ತಕ ಇರ್ತದೆ. ಎರಡನೇ ವರ್ಷ ನಿಮ್ಮ ಅಂಕಿಯಿಂದ ನಾವೇ ಶೇ. 30 ಕಳೆದು ಪ್ಲಾನ್ ಮಾಡ್ತೇವೆ. ಆ ವರ್ಷ ನೀವು ನಿಜ ಹೇಳಿದ್ದರೆ ನಿಮಗೇ ಏಟು. ಮೇ ತಿಂಗಳಿಗೆ ಹೆಚ್ಚು ಬೇಕಾಗಬಹುದು ಅನಿಸಿದರೆ ‘18,000, ಮೇಲೆ 2,700 ಬೇಕಾಗಬಹುದು’ ಅಂತ ಬೇರೆಬೇರೆ ಬರೆಯಿರಿ.

ಕುಮಟಾದವರು: ನಮಗಂತೂ ಇನ್ನೂ ಏಟು ಬಿದ್ದಿಲ್ಲ!

ಕೇಳಿದವರು: ಅಡ್ವಾನ್ಸ್ ಕೊಟ್ಟರೆ ಮುಗೀತಲ್ವಾ? ಮೆಷಿನ್ ನಮಗೇ ಇಡ್ತಾರಲ್ಲ.

ಖರೀದಿ ವಿಭಾಗದವರು: ಅಡ್ವಾನ್ಸ್‌ನಿಂದ ಪ್ರಿಫಾರ್ಮ್ ಬಂದು ಬೀಳ್ತದೆ, ಅಷ್ಟೇ. ಬಾಟಲಿ ಊದುವವರು ಆ ದಪ್ಪ ಕೊಳವೆಯನ್ನು ಬೇರೆಯವರಿಂದ ತರಿಸಬೇಕು. ಬೇಸಿಗೆಯಲ್ಲಿ ಅದಕ್ಕೇ ಎರಡು ಮೂರು ವಾರ ಹಿಡೀತದೆ. ಆದರೆ ಪ್ರಿಫಾರ್ಮ್ ಗೋದಾಮಿನಲ್ಲಿ ಇದ್ದೂ, ಮೇ ತಿಂಗಳಿಡೀ ಮೆಷಿನ್ ನೀರಿನ ಬಾಟಲಿಯವರಿಗೆ ಓಡಬಹುದು. ಸರಕು, ಮೆಷಿನ್ ಸಮಯ ಎರಡನ್ನೂ ಬೇರೆಬೇರೆ ಕೇಳಬೇಕು.

ಇನ್ನೊಂದು. ‘ಮೂರು ತಿಂಗಳಿಗೆ 40,000 ಕೊಡ್ತೀರಾ’ ಅಂತ ಕೇಳಿದರೆ ಅವರು ಖುಷಿಯಿಂದ ಹೂಂ ಅಂತಾರೆ. ಹದಿಮೂರು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 3,100 ತಾನೇ. ನಿಮಗೆ ಮೇಯಲ್ಲಿ ವಾರಕ್ಕೆ 4,500 ಬೇಕು. ಒಟ್ಟು ಲೆಕ್ಕ ಕೇಳಿದರೆ ಅವರು ಮಾತು ಉಳಿಸಿಕೊಂಡ ಹಾಗೂ ಆಗ್ತದೆ, ನೀವು ಮೇಯಲ್ಲಿ ಖಾಲಿ ಕೂತ ಹಾಗೂ ಆಗ್ತದೆ. ವಾರದ ಲೆಕ್ಕದಲ್ಲೇ ಕೇಳಿ. ಅವರ ಮೆಷಿನ್ ದಿನಕ್ಕೆ 5,000 ಊದುತ್ತದೆ ಅಂತಾದರೆ ‘ಮೇಯಲ್ಲಿ ವಾರಕ್ಕೆ ಒಂದು ದಿನ ನಮಗೆ’ ಅನ್ನಿ. ಆ ಭಾಷೆ ಅವರಿಗೆ ಬೇಗ ಹತ್ತುತ್ತದೆ. ಅಚ್ಚು ಬದಲಿಸಲು ಹೋಗುವ ಹೊತ್ತೂ ಅದರಲ್ಲೇ ಬರ್ತದೆ.

ನಾನು ನೋಡಿದ ಒಂದು ಒಳ್ಳೆಯ ಕಾಗದಕ್ಕೆ ನಿಮ್ಮ ಅಂಕಿ ಹಾಕಿದರೆ ಹೀಗಿರ್ತದೆ:

“ಏಪ್ರಿಲ್ 12,000 ಪಕ್ಕಾ. ಮೇ 18,000, ಶೇ. 15 ಆಚೀಚೆ. ಜೂನ್ 10,000, ಶೇ. 30 ಆಚೀಚೆ. ಮೇ ತಿಂಗಳ ಪ್ರಿಫಾರ್ಮ್ ಏಪ್ರಿಲ್ 10ರೊಳಗೆ ನಿಮ್ಮಲ್ಲಿ ಇರಬೇಕು. ಮೇಯಲ್ಲಿ ವಾರಕ್ಕೆ ಎಷ್ಟು ಕೊಡಬಲ್ಲಿರಿ ತಿಳಿಸಿ. ಕಡಿಮೆ ಬೀಳುವುದಾದರೆ ಹತ್ತು ದಿನ ಮೊದಲು ಹೇಳಿ. ನಾವು ಹೇಳಿ ಎತ್ತದ ಬಾಟಲಿ ನಮ್ಮ ಜವಾಬ್ದಾರಿ.”

ಕೊನೆಯ ಸಾಲು ನೋಡಿ. ಊದಿದ ಬಾಟಲಿ ನಿಮ್ಮ ಅಚ್ಚಿನದು, ಬೇರೆಯವರಿಗೆ ಮಾರಲಿಕ್ಕಾಗದು. ಅದರ ಹೊಣೆ ಹೊರಬೇಕು. ಪ್ರಿಫಾರ್ಮ್ ಹಾಗಲ್ಲ. ಅದೇ ಬಾಯಿ, ಅದೇ ತೂಕದ್ದಾದರೆ ಇನ್ನೊಬ್ಬರ ದುಂಡು ಬಾಟಲಿಗೂ ಆಗ್ತದೆ. ಅದನ್ನೆಲ್ಲ ನಿಮ್ಮ ಖಾತೆಗೆ ಬರೆಸಿಕೊಳ್ಳಬೇಡಿ. ಬಹಳ ಒತ್ತಾಯ ಮಾಡಿದರೆ ‘ಉಳಿದದ್ದನ್ನು ಮುಂದಿನ ಮೂರು ತಿಂಗಳಲ್ಲಿ ಎತ್ತುತ್ತೇವೆ’ ಅನ್ನುವವರೆಗೆ ಹೋಗಬಹುದು.

ಯಲ್ಲಾಪುರದ ಜೇನು ಪ್ಯಾಕಿಂಗ್‌ನವರು: ಇದನ್ನೆಲ್ಲ ಬರೆದು ಸಹಿ ಹಾಕಿಕೊಡುವ ಬಾಟಲಿಯವರು ಯಾರು ಮಾರಾಯ್ರೆ? ನಮ್ಮಂಥ ಸಣ್ಣವರಿಗೆ ‘ಆಗ್ತೈತ್ರಿ ಸರ, ಕೊಡೋಣ’ ಅಂತ ಫೋನಿನಲ್ಲೇ ಮುಗಿಸ್ತಾರೆ. ನಾವು ಸುಮ್ನೆ ಮಾರ್ಚ್‌ನಲ್ಲೇ ಖಾಲಿ ಬಾಟಲಿ ತಂದು ಕೂಡಿಡ್ತೇವೆ. ಒಂದು ಕೋಣೆ ಹೋಗ್ತದೆ, ದುಡ್ಡೂ ಕಟ್ಟಿಬೀಳ್ತದೆ. ಆದರೆ ನಿದ್ದೆ ಬರ್ತದೆ.

ಖರೀದಿ ವಿಭಾಗದವರು: ಸಹಿ ಸಿಗೋದು ಕಷ್ಟ, ಒಪ್ತೇನೆ. ವಾಟ್ಸಾಪ್‌ನಲ್ಲಿ ಉತ್ತರ ಬಂದರೂ ನಡೀತದೆ. ಆದರೆ ಉತ್ತರ ಎಂಥದ್ದು ಅನ್ನೋದನ್ನ ನೋಡಿ. ಏನೂ ಕೇಳದೆ ‘ಆಗ್ತೈತ್ರಿ’ ಅಂದರೆ ಅವರು ಹಾಳೆ ತೆರೆದೇ ನೋಡಿಲ್ಲ. ನಿಜವಾಗಿ ಲೆಕ್ಕ ಹಾಕಿದವರು ತಿರುಗಿ ಪ್ರಶ್ನೆ ಕೇಳ್ತಾರೆ. ‘ಎರಡನೇ ವಾರ ಆಗೋದಿಲ್ಲ, ಮೂರನೇದು ತಗೋತೀರಾ’ ಅಂತಾರೆ. ಆ ತಕರಾರೇ ನಿಮಗೆ ಸಿಕ್ಕ ಭರವಸೆ. ಏಪ್ರಿಲ್ 10ಕ್ಕೆ ಫೋನ್ ಮಾಡಿ, ಪ್ರಿಫಾರ್ಮ್ ಚೀಲದ ಫೋಟೋ ಕಳಿಸಿ ಅನ್ನಿ.

ಹಣ ಸರಿಯಾಗಿ ಕೊಡುವುದೂ ಲೆಕ್ಕಕ್ಕೆ ಬರ್ತದೆ. ಅವರು ಉದ್ಯಮ ನೋಂದಣಿ ಇರುವ ಸಣ್ಣ ತಯಾರಕರಾದರೆ, ಒಪ್ಪಂದ ಇದ್ದರೂ 45 ದಿನ ಮೀರುವ ಹಾಗಿಲ್ಲ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನವೇ. ಸೀಸನ್‌ನಲ್ಲಿ ಮೆಷಿನ್ ಯಾರಿಗೆ ಓಡಿಸೋದು ಅನ್ನುವಾಗ ಹಿಂದಿನ ಬಿಲ್ ತೀರಿಸಿದವರ ಹೆಸರು ಮೇಲೆ ಬರ್ತದೆ.

ಕೇಳಿದವರು: ಕಾಗದ ಕಳಿಸಿದೆ. ಉತ್ತರ ಬಂತು. ಮೇಯಲ್ಲಿ ವಾರಕ್ಕೆ 3,500ಕ್ಕಿಂತ ಹೆಚ್ಚು ಆಗೋದಿಲ್ಲವಂತೆ, ಏಪ್ರಿಲ್‌ನಲ್ಲಿ ಅಷ್ಟು ಕೊಡ್ತಾರಂತೆ. ಈಗೇನು ಮಾಡೋದು, ಬೇರೆಯವರನ್ನ ಹುಡುಕಲಾ?

ಖರೀದಿ ವಿಭಾಗದವರು: ಅಂಕಿ ಕೊಟ್ಟರಲ್ಲ, ಒಳ್ಳೇದೇ. ನಾಲ್ಕು ವಾರಕ್ಕೆ ಮೇಯಲ್ಲಿ ನಿಮಗೆ 4,000 ಕಡಿಮೆ. ಏಪ್ರಿಲ್‌ನಲ್ಲಿ ನಿಮಗೆ ವಾರಕ್ಕೆ 3,000 ಸಾಕು, 3,500 ತರಿಸಿದರೆ 2,000 ಉಳೀತದೆ. ಇನ್ನು 2,000 ಮಾರ್ಚ್ ಕೊನೆಗೆ ತರಿಸಿಡಿ. ಯಲ್ಲಾಪುರದವರ ಕೋಣೆಯ ಸ್ವಲ್ಪ ಭಾಗ ನಿಮಗೂ ಬೇಕಾಗ್ತದೆ. ಮೇಲಿನ 2,700ಕ್ಕೆ ಮಾತ್ರ ಇನ್ನೊಬ್ಬರನ್ನ ಕೇಳಿ ನೋಡಿ. ಅವರ ಬಾಟಲಿಗೆ ನಿಮ್ಮ ಮುಚ್ಚಳ ಕೂರ್ತದಾ ಅಂತ ಮೊದಲೇ ತಿರುಗಿಸಿ ನೋಡಿ. ಶರಬತ್ತನ್ನ ಬಿಸಿಬಿಸಿ ತುಂಬುವವರಾದರೆ ಒಂದು ಬಾಟಲಿಗೆ ಹಾಗೇ ತುಂಬಿಸಿಯೂ ನೋಡಿ. ಮಾಮೂಲಿ ಪೆಟ್ ಬಿಸಿಗೆ ಸೊಟ್ಟಗಾಗ್ತದೆ.

ಯಲ್ಲಾಪುರದವರು: ಕೋಣೆ ಬಾಡಿಗೆಗೆ ಇಲ್ಲ!