ಅಪ್‌ಡೇಟ್: ಸಾರುವೆಯಿಂದ ಬಿದ್ದ ಪ್ರಕರಣದ ವರದಿ ಕೊನೆಗೂ ಒಪ್ಪಿಗೆಯಾಯಿತು

ನನ್ನ ಪ್ರಶ್ನೆ: "ಹೊರಗೋಡೆಗೆ ಗಾರೆ ಮಾಡುತ್ತಿದ್ದ ಕೆಲಸಗಾರರೊಬ್ಬರು ಸಾರುವೆಯಿಂದ ಬಿದ್ದಿದ್ದಾರೆ. ವರದಿಯಲ್ಲಿ ಸಲಕರಣೆ, ಪರ್ಮಿಟ್, ಹವಾಮಾನದ ಯಾವ ವಿವರಗಳಿರಬೇಕು?"

ಸುಮಾರು 4 ಮೀಟರ್ ಎತ್ತರದಿಂದ ಬಿದ್ದವರ ಕಾಲಿನ ಮೂಳೆ ಮುರಿದಿತ್ತು, ಈಗ ಚೇತರಿಸಿಕೊಳ್ಳುತ್ತಿದ್ದಾರೆ.

ಮೂರು ವಿಷಯಗಳನ್ನೂ ಗಂಟೆವಾರು ಒಂದೇ ಕಾಲರೇಖೆಯಲ್ಲಿ ಬರೆಯಿರಿ ಎಂಬ ಸಲಹೆಯೇ ಫಲ ಕೊಟ್ಟಿತು. ಸಾರುವೆಯ ತಪಾಸಣಾ ಟ್ಯಾಗ್‌ಗೆ ಬೆಳಿಗ್ಗೆ 8ಕ್ಕೆ ಸಹಿಯಾಗಿತ್ತು, ಎತ್ತರದ ಕೆಲಸದ ಪರ್ಮಿಟ್ ಸಂಜೆ 6ರವರೆಗೆ ಚಾಲ್ತಿಯಲ್ಲಿತ್ತು, ಮಧ್ಯಾಹ್ನ 2ರಿಂದ 2.40ರವರೆಗೆ ಗಾಳಿಮಳೆಯಾಗಿತ್ತು, ಅಪಘಾತ 3.10ಕ್ಕೆ ನಡೆದಿತ್ತು. ಹೀಗೆ ಜೋಡಿಸಿದಾಗಲೇ, ಮಳೆ ನಿಂತ ಮೇಲೆ ಯಾರೂ ಸಾರುವೆಯನ್ನು ಮರುತಪಾಸಣೆ ಮಾಡದೆ ಹಳೆಯ ಪರ್ಮಿಟ್ಟಿನ ಮೇಲೆಯೇ ಕೆಲಸ ಮುಂದುವರಿಸಿದ್ದು ಕಣ್ಣಿಗೆ ಬಿತ್ತು.

"ಮೋಡ ಕವಿದ ವಾತಾವರಣ" ಎಂದಷ್ಟೇ ಬರೆಯುವ ಸಲಹೆ ಉಪಯೋಗವಾಗಲಿಲ್ಲ. ಹಲಗೆ ಒದ್ದೆಯಿತ್ತೇ, ಗಾಳಿ ಎಷ್ಟಿತ್ತು ಎಂದು ಕೇಳಿ ಪರಿಶೀಲಿಸಿದವರು ವರದಿಯನ್ನು ಹಿಂದಿರುಗಿಸಿದರು. ಗಾಳಿಯ ವೇಗವನ್ನು ನಾವು ಅಳೆದಿರಲಿಲ್ಲವಾದ್ದರಿಂದ ಅದನ್ನು ಹಾಗೆಯೇ ಒಪ್ಪಿಕೊಂಡು ಬರೆದೆ.

ನನಗೆ ಅಚ್ಚರಿಯಾದದ್ದು ಸುರಕ್ಷಾ ಬೆಲ್ಟಿನ ವಿಷಯ. "ಬೆಲ್ಟ್ ಧರಿಸಿದ್ದರು, ಕೊಕ್ಕೆ ಹಾಕಿರಲಿಲ್ಲ" ಎಂದು ಬರೆದು ತಪ್ಪನ್ನು ಬಿದ್ದವರ ಮೇಲೆಯೇ ಹೊರಿಸಿದ್ದೆ. ಆದರೆ ಫೋಟೊಗಳನ್ನು ಮತ್ತೆ ನೋಡಿದಾಗ, ಆ ಭಾಗದಲ್ಲಿ ಕೊಕ್ಕೆ ಹಾಕಲು ತಲೆಯ ಮೇಲೆ ಜೀವರಕ್ಷಕ ಹಗ್ಗವೇ ಇರಲಿಲ್ಲ, ನಡುವಿನ ಅಡ್ಡಕಂಬಿಯನ್ನೂ ಸಾಮಾನು ಸಾಗಿಸಲು ಬಿಚ್ಚಿದ್ದರು. ಸಾರುವೆ ಕಳಚುವ ಮೊದಲೇ ಫೋಟೊ ತೆಗೆಯಲು ಹೇಳಿದವರಿಗೆ ಧನ್ಯವಾದಗಳು.