ಅಪ್‌ಡೇಟ್: ಬೋಧನಾ ಪೋರ್ಟ್‌ಫೋಲಿಯೊ ಒಂದು ರೂಪಕ್ಕೆ ಬಂದಿದೆ

ನನ್ನ ಪ್ರಶ್ನೆ: "ಪಾಠಯೋಜನೆ, ಫೀಡ್‌ಬ್ಯಾಕ್, ಪ್ರಮಾಣಪತ್ರಗಳೆಲ್ಲ ಚದುರಿವೆ, ಪೋರ್ಟ್‌ಫೋಲಿಯೊವನ್ನು ಎಲ್ಲಿಂದ ಆರಂಭಿಸಲಿ?"

ಉಡುಪಿಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ತಾವೆಲ್ಲ ಸೂಚಿಸಿದಂತೆ, ಕಾಗದಗಳನ್ನು ವರ್ಷವಾರು ಜೋಡಿಸುವುದನ್ನು ಬಿಟ್ಟು ಮೊದಲು ಹೇಗೆ, ಏಕೆ ಹಾಗೆ ಕಲಿಸುತ್ತೇನೆಂಬ ಎರಡು ಪುಟಗಳ ಬೋಧನಾ ಹೇಳಿಕೆಯನ್ನು ಬರೆದು, ಅದರ ಪ್ರತಿಯೊಂದು ಮಾತಿಗೂ ಪುರಾವೆ ಹುಡುಕಿದೆ.

ಉದಾಹರಣೆಗೆ, ವಿದ್ಯಾರ್ಥಿಗಳು ಟೈಟ್ರೇಷನ್ ಲೆಕ್ಕವನ್ನು ಸೂತ್ರದ ಬಾಯಿಪಾಠದಿಂದಲ್ಲದೆ ಮೋಲ್‌ಗಳ ಅನುಪಾತದಿಂದ ಬಿಡಿಸುವಂತೆ ಪಾಠವನ್ನು ಬದಲಿಸಿದೆನೆಂಬ ವಾಕ್ಯಕ್ಕೆ ಹಳೆಯ ಮತ್ತು ಪರಿಷ್ಕೃತ ಪಾಠಯೋಜನೆಗಳನ್ನೂ, ಅವುಗಳಂತೆ ಕಲಿತ ಎರಡೂ ವಿದ್ಯಾರ್ಥಿ ತಂಡಗಳ ಕೆಲವು ಉತ್ತರಗಳನ್ನೂ ಇಟ್ಟಿದ್ದೇನೆ. ಉತ್ತರಗಳಲ್ಲಿ ಹೆಸರು, ರಿಜಿಸ್ಟರ್ ಸಂಖ್ಯೆಗಳನ್ನು ಮರೆಮಾಡಿದ್ದೇನೆ. ಎಲ್ಲಿ ಏನನ್ನು ಗಮನಿಸಬೇಕೆಂದು ಮೇಲೆ ಎರಡು ಸಾಲು ಬರೆದಿದ್ದೇನೆ. ಈ ಟಿಪ್ಪಣಿಯಿಲ್ಲದ ಪುರಾವೆ ಓದುವವರಿಗೆ ಬರಿಯ ಕಾಗದವಷ್ಟೇ. ಕಾರ್ಯಾಗಾರದ ಪ್ರಮಾಣಪತ್ರ ಹಾಜರಾತಿಯನ್ನು ಮಾತ್ರ ಸಾಬೀತುಪಡಿಸುವುದರಿಂದ, ತರಗತಿಯಲ್ಲಿ ಅದರ ಬಳಕೆ ಕಾಣದಿದ್ದರೆ ಅನುಬಂಧಕ್ಕೆ ಸರಿಸಿದೆ.

ಪರಿವಿಡಿಯಲ್ಲಿ ಪುರಾವೆಯ ಸಂಖ್ಯೆ, ಶೀರ್ಷಿಕೆ, ಹೇಳಿಕೆಯ ಯಾವ ಪ್ಯಾರಾಕ್ಕೆ ಅದು ಸೇರುತ್ತದೆ ಮತ್ತು ಪುಟಸಂಖ್ಯೆ ಇವೆ. ಕಡತದ ಹೆಸರೂ ಅದೇ ಸಂಖ್ಯೆಯಿಂದ ಆರಂಭವಾಗುತ್ತದೆ. ಪುಟಸಂಖ್ಯೆಗಳನ್ನು ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದ ಮೇಲೆಯೇ ಹಾಕಬೇಕು, ಏಕೆಂದರೆ ನಡುವೆ ಒಂದು ಹಾಳೆ ಸೇರಿದರೂ ಮುಂದಿನವೆಲ್ಲ ತಪ್ಪುತ್ತವೆ. ಕನ್ನಡ ವಿಭಾಗದ ಸಹೋದ್ಯೋಗಿಯೊಬ್ಬರು ಪರಿವಿಡಿಯೊಂದರ ನೆರವಿನಿಂದಲೇ ಟೈಟ್ರೇಷನ್ ಪುರಾವೆಯನ್ನು ತಲುಪಿದರು. ಫೀಡ್‌ಬ್ಯಾಕ್ ಸಾರಾಂಶ ಮಾತ್ರ ಸಿಗಲಿಲ್ಲವಾದ್ದರಿಂದ ಅದರ ಶೀರ್ಷಿಕೆಯನ್ನು ಬದಲಿಸುತ್ತಿದ್ದೇನೆ.