ಅಪ್ಪನಿಗೆ ಶುಗರ್ ಗ್ರಾಫ್ ಅರ್ಥ ಮಾಡಿಸುವುದು ಹೇಗೆ? ರಾತ್ರಿ 3 ಗಂಟೆಯ ಗುಂಡಿ ನೋಡಿ ಹೆದರಿದ್ದಾರೆ

ಮೂಡಿಗೆರೆ_ಮಗಳು (ಗುರುವಾರ, ರಾತ್ರಿ 9:40)

ಅಪ್ಪನಿಗೆ 74 ವರ್ಷ. ಮೂಡಿಗೆರೆ ಹತ್ತಿರ ನಾಲ್ಕು ಎಕರೆ ಕಾಫಿ ತೋಟ ಇದೆ. ಶುಗರ್ ಬಂದು ಹನ್ನೆರಡು ವರ್ಷವಾಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಇನ್ಸುಲಿನ್ ಇಲ್ಲ. ಕಳೆದ ತಿಂಗಳು ಡಾಕ್ಟರು ಎಡತೋಳಿಗೆ 14 ದಿನದ ಸೆನ್ಸರ್ ಹಾಕಿಸಿದ್ದರು. ಈಗ ರಿಪೋರ್ಟ್ ಬಂದಿದೆ. "ಹಗಲು ಪರವಾಗಿಲ್ಲ, ರಾತ್ರಿ ಸ್ವಲ್ಪ ನೋಡ್ಕೊಳ್ಳಿ" ಅಂದು ಕಳಿಸಿದರು. ಹೊರಗೆ ಜನ ತುಂಬಿದ್ದರು, ಕೇಳಲು ಪುರುಸೊತ್ತೇ ಸಿಗಲಿಲ್ಲ.

ಗ್ರಾಫ್‌ನಲ್ಲಿ ನಡುವೆ ಒಂದು ಕಪ್ಪು ಗೆರೆ ಇದೆ. ಅದರ ಸುತ್ತ ಗಾಢ ನೀಲಿ, ಅದರಾಚೆ ತಿಳಿ ನೀಲಿ. ರಾತ್ರಿ 3 ಗಂಟೆ ಹತ್ತಿರ ಕಪ್ಪು ಗೆರೆ 118ರ ಆಸುಪಾಸಿನಲ್ಲಿದೆ. ಆದರೆ ತಿಳಿ ನೀಲಿ ಅಲ್ಲಿ ಗುಂಡಿಯ ಹಾಗೆ 58ರವರೆಗೆ ಇಳಿದಿದೆ. ಅಪ್ಪ ಅಲ್ಲೇ ಬೆರಳಿಟ್ಟು, "ನೋಡು, ನಾನು ದಿನಾ ರಾತ್ರಿ ಐವತ್ತೆಂಟಕ್ಕೆ ಹೋಗ್ತಿದ್ದೀನಿ, ಒಂದಿನ ನಿದ್ದೇಲೇ ಹೋಗಿಬಿಡ್ತೀನಿ" ಅಂದರು. ಅವತ್ತಿನಿಂದ ಎರಡೂವರೆಗೆ ಅಲಾರಂ ಇಟ್ಟು ಎದ್ದು ಬೆಲ್ಲದ ಉಂಡೆ ತಿನ್ನುತ್ತಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 190 ಬರುತ್ತಿದೆ. ಮೊದಲು 130 ದಾಟುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಿದರು: "ಒಂದೇ ಹೊತ್ತಿಗೆ ಮೇಲೆ 160ನೂ ಕೆಳಗೆ 58ನೂ ಹೇಗೆ ಇರುತ್ತೆ?" ನಿಜ ಹೇಳಬೇಕೆಂದರೆ ನನಗೂ ಗೊತ್ತಾಗಲಿಲ್ಲ. ಯಾರಾದರೂ ಸರಳವಾಗಿ ಹೇಳಿಕೊಡ್ತೀರಾ?

ಘಾಟಿ_ಬೈಕ್ (ರಾತ್ರಿ 10:05)

ಅಕ್ಕ, ಇದು ಗ್ಲಿಮೆಪಿರೈಡ್ ಕೆಲಸ. ಅದು ಹೊಟ್ಟೆಗೆ ಬಿದ್ದಿದೆಯೋ ಇಲ್ಲವೋ ನೋಡಲ್ಲ, ಶುಗರ್ ಇಳಿಸುತ್ತಲೇ ಇರುತ್ತದೆ. ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು. ರಾತ್ರಿ ಮಾತ್ರೆ ಅರ್ಧ ಮಾಡಿ, ಸರಿಹೋಗುತ್ತದೆ.

ಹಾಸನ_ಸ್ಟೋರ್ಸ್ (ರಾತ್ರಿ 10:20)

ನಂಬರ್ ತಪ್ಪು ಓದುತ್ತಿದ್ದೀರೇನೋ ನೋಡಿ. ನಮ್ಮಮ್ಮನ ಫೋನ್‌ನಲ್ಲಿ ಇಂಗ್ಲೆಂಡ್‌ನಲ್ಲಿರೋ ತಮ್ಮ ಆ್ಯಪ್ ಹಾಕಿಕೊಟ್ಟಿದ್ದ. ಅದು 5.6 ಅಂತ ತೋರಿಸುತ್ತಿತ್ತು. ಅಮ್ಮ ಅದನ್ನು ಮೂರು ತಿಂಗಳ ಸರಾಸರಿ ಅಂದುಕೊಂಡು, "ನನಗೆ ಶುಗರ್ ವಾಸಿಯಾಯ್ತು" ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಆಮೇಲೆ ಗೊತ್ತಾಯಿತು, ಅಲ್ಲಿನ ಅಳತೆಯೇ ಬೇರೆ, 18ರಿಂದ ಗುಣಿಸಬೇಕು. 5.6 ಅಂದರೆ ನಮ್ಮ ಲೆಕ್ಕದಲ್ಲಿ 101. ಸೆಟ್ಟಿಂಗ್‌ನಲ್ಲಿ `mg/dL` ಇದೆಯಾ ನೋಡಿ.

ಮೂಡಿಗೆರೆ_ಮಗಳು (ರಾತ್ರಿ 10:31)

ನಮ್ಮದು `mg/dL` ಅಂತಲೇ ಇದೆ ಸರ್. ಸಮಸ್ಯೆ ಅದಲ್ಲ.

ತೋಳಲ್ಲಿ_ಬಿಲ್ಲೆ (ರಾತ್ರಿ 11:15)

ನನಗೆ ಹತ್ತೊಂಬತ್ತು ವರ್ಷದಿಂದ ಇನ್ಸುಲಿನ್. ಸೆನ್ಸರ್ ಹಾಕಿಕೊಂಡೇ ಓಡಾಡುತ್ತೇನೆ. ಮೊದಲು ನಿಮ್ಮಪ್ಪನ ಎರಡನೇ ಪ್ರಶ್ನೆಗೆ ಬರ್ತೀನಿ, ಅದು ಒಳ್ಳೇ ಪ್ರಶ್ನೆ.

ಆ ಗ್ರಾಫ್ ಒಂದು ರಾತ್ರಿಯದಲ್ಲ. ಹದಿನಾಲ್ಕು ದಿನಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿದ ಚಿತ್ರ ಅದು. 3 ಗಂಟೆಯ ಜಾಗದಲ್ಲಿ ಹದಿನಾಲ್ಕು ರಾತ್ರಿಗಳ 3 ಗಂಟೆಯೂ ಇದೆ. ತೋಟದ ಆಳುಗಳನ್ನು ಕುಳ್ಳಗಿನವರಿಂದ ಎತ್ತರದವರೆಗೆ ಸಾಲಾಗಿ ನಿಲ್ಲಿಸಿ ಅಂದುಕೊಳ್ಳಿ. ಸರಿಯಾಗಿ ನಡುವೆ ನಿಂತವರು ಕಪ್ಪು ಗೆರೆ. ನಡುವಿನ ಅರ್ಧ ಜನ ಗಾಢ ನೀಲಿ. ತೀರಾ ಕುಳ್ಳ, ತೀರಾ ಎತ್ತರ ಬಿಟ್ಟು ಹೆಚ್ಚುಕಡಿಮೆ ಎಲ್ಲರೂ ತಿಳಿ ನೀಲಿಯಲ್ಲಿ ಬರುತ್ತಾರೆ. ಹಾಗಾಗಿ ತಿಳಿ ನೀಲಿಯ ಕೆಳಅಂಚು 58ಕ್ಕೆ ಮುಟ್ಟಿದೆ ಅಂದರೆ ದಿನಾ ರಾತ್ರಿ ಇಳಿದಿದೆ ಅಂತಲ್ಲ. ಒಂದೆರಡು ರಾತ್ರಿ ಇಳಿದಿದ್ದರೂ ಅಷ್ಟು ಕಾಣುತ್ತದೆ.

ಈಗ ಆ ಒಂದೆರಡು ರಾತ್ರಿ ಯಾವುದು ಅಂತ ಹುಡುಕಬೇಕು. ರಿಪೋರ್ಟ್‌ನ ಹಿಂದಿನ ಹಾಳೆಗಳಲ್ಲಿ ದಿನದಿನದ ಗೆರೆ ಬೇರೆಬೇರೆ ಇರುತ್ತದೆ. ಅದರಲ್ಲಿ ಇಳಿದ ಆಕಾರ ಹೇಗಿದೆ ನೋಡಿ ಹೇಳಿ. ಅಪ್ಪ ಯಾವ ಮಗ್ಗುಲಲ್ಲಿ ಮಲಗುತ್ತಾರೆ ಅನ್ನೋದನ್ನೂ ಕೇಳಿ.

@ಘಾಟಿ_ಬೈಕ್, ಗ್ಲಿಮೆಪಿರೈಡ್ ಬಗ್ಗೆ ನೀವು ಹೇಳಿದ್ದು ಸರಿ, ಅದರಿಂದ ಲೋ ಆಗಬಹುದು. ಆದರೆ ನಿಜವಾಗಿ ಇಳಿದಿದೆಯೋ ಇಲ್ಲವೋ ಗೊತ್ತಾಗದೆ ಮಾತ್ರೆ ಮುರಿಯಬೇಡಿ. ಅದು ಡಾಕ್ಟರ ಕೆಲಸ.

ಮೂಡಿಗೆರೆ_ಮಗಳು (ಶುಕ್ರವಾರ, ಬೆಳಿಗ್ಗೆ 6:50)

ನೋಡಿದೆ. ಹನ್ನೊಂದು ರಾತ್ರಿ ಗೆರೆ ನೆಟ್ಟಗಿದೆ. ಮೂರು ರಾತ್ರಿ ಮಾತ್ರ ಇಳಿದಿದೆ. ಅದರಲ್ಲಿ ಎರಡರಲ್ಲಿ 110ರಿಂದ ಧೊಪ್ಪನೆ 60ರ ಹತ್ತಿರ ಬಿದ್ದು, ಅರ್ಧ ಗಂಟೆ ಅಲ್ಲೇ ಮಲಗಿ, ಮತ್ತೆ ನೆಟ್ಟಗೆ ಮೇಲೆದ್ದಿದೆ. ಬಾವಿಯ ಗೋಡೆ ಥರ. ಮೂರನೆಯದು ಹನ್ನೆರಡು ಗಂಟೆಯಿಂದಲೇ ನಿಧಾನಕ್ಕೆ ಜಾರಿಕೊಂಡು ಬಂದಿದೆ.

ಬಲಭುಜ ನೋವು ಅಂತ ಅಪ್ಪ ಎಡಮಗ್ಗುಲಲ್ಲೇ ಮಲಗುತ್ತಾರೆ. ಸೆನ್ಸರ್ ಇದ್ದದ್ದೂ ಎಡತೋಳಲ್ಲೇ.

ತೋಳಲ್ಲಿ_ಬಿಲ್ಲೆ (ಬೆಳಿಗ್ಗೆ 8:10)

ಆ ಎರಡು ಬಾವಿಗಳು ಬಹುತೇಕ ಸುಳ್ಳು ಲೋ. ಸೆನ್ಸರ್ ರಕ್ತದ ಶುಗರ್ ಅಳೆಯುವುದಿಲ್ಲ. ಚರ್ಮದ ಕೆಳಗಿರುವ ನೀರಿನಂಥ ದ್ರವದಲ್ಲಿ ಅಳೆಯುತ್ತದೆ. ಅದರ ಮೇಲೆ ಮೈಭಾರ ಹಾಕಿ ಮಲಗಿದರೆ ಆ ಜಾಗಕ್ಕೆ ಹೊಸ ರಕ್ತ, ದ್ರವ ಸರಿಯಾಗಿ ಬರುವುದಿಲ್ಲ. ಅಲ್ಲಿದ್ದ ಸಕ್ಕರೆಯನ್ನು ಸುತ್ತಲಿನ ಮಾಂಸ ಬಳಸಿಕೊಳ್ಳುತ್ತದೆ, ನಂಬರ್ ಬೀಳುತ್ತದೆ. ಮಗ್ಗುಲು ಬದಲಿಸಿದ ಕೂಡಲೇ ಏರುತ್ತದೆ. ಏನೂ ತಿನ್ನದೆ ತಾನಾಗಿ ಥಟ್ಟನೆ ಏರಿದ್ದೇ ಇದರ ಗುರುತು.

ಮೂರನೆಯದು ಹಾಗಲ್ಲ. ನಿಧಾನಕ್ಕೆ ಜಾರಿದ್ದರೆ ಅದು ನಿಜವಿರಬಹುದು. ಆಕಾರ ನೋಡಿ ಊಹಿಸಬಹುದು ಅಷ್ಟೇ, ತೀರ್ಪು ಹೇಳೋದು ಬೆರಳಿನ ಹನಿ.

ವಾರ್ಡ್_ಸಿಸ್ಟರ್ (ಬೆಳಿಗ್ಗೆ 9:30)

ಸುಳ್ಳು ಲೋ ಅಂತ ಕೇಳಿ ಎಲ್ಲವನ್ನೂ ಸುಳ್ಳು ಅಂದುಕೊಂಡುಬಿಡಬೇಡಿ. ವಯಸ್ಸಾದವರು, ಮೇಲೆ ಈ ಮಾತ್ರೆ ಬೇರೆ. ಬೆವರು, ನಡುಕ, ಮಾತು ತೊದಲುವುದು ಕಂಡರೆ ಮೆಷಿನ್ ಹುಡುಕುತ್ತಾ ಕೂರಬೇಡಿ. ಮೊದಲು ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಹೊರಡಿ. ಮೈ ಹುಷಾರಾಗಿದ್ದು ಫೋನ್ ಮಾತ್ರ ಕೂಗಿದರೆ ಬೆರಳು ಚುಚ್ಚಿ ನೋಡಿ.

ಕೈ ಸೋಪು ಹಾಕಿ ತೊಳೆದು ಚುಚ್ಚಿ. ಈಗ ಹಲಸಿನ ಕಾಲ. ತೊಳೆ ಬಿಡಿಸಿದ ಕೈಯಲ್ಲೇ ಚುಚ್ಚಿಕೊಂಡು 300 ಬಂತು ಅಂತ ಓಡಿ ಬಂದವರನ್ನು ನೋಡಿದ್ದೇನೆ. ಬೆಲ್ಲ ಹಿಡಿದ ಕೈಯೂ ಹಾಗೇ.

ಘಾಟಿ_ಬೈಕ್ (ಬೆಳಿಗ್ಗೆ 10:00)

ಸರಿ, ಮಾತ್ರೆ ವಿಷಯ ವಾಪಸ್ ತಗೊಂಡೆ. ಆದರೆ ಬೆಳಗಿನ 190? ರಾತ್ರಿ ಲೋ ಆದರೆ ಬೆಳಿಗ್ಗೆ ಮೈಯೇ ತಿರುಗಿ ಏರಿಸುತ್ತೆ ಅಂತಾರಲ್ಲ?

ತೋಳಲ್ಲಿ_ಬಿಲ್ಲೆ (ಬೆಳಿಗ್ಗೆ 10:12)

ಇಲ್ಲಿ ಅಷ್ಟು ದೂರ ಹೋಗೋದೇ ಬೇಡ ಗುರು. ಎರಡೂವರೆಗೆ ಬೆಲ್ಲದ ಉಂಡೆ ತಿಂದಿದ್ದಾರೆ. ಬೆಲ್ಲ ನಿಂತರೆ 190 ಇಳಿಯುತ್ತಾ ನೋಡೋಣ.

ಮೂಡಿಗೆರೆ_ಮಗಳು (ಭಾನುವಾರ, ರಾತ್ರಿ 8:15)

ಶುಕ್ರವಾರ ಸಂಜೆಯೇ ಚಿಕ್ಕಮಗಳೂರಿಂದ ಊರಿಗೆ ಬಂದೆ. ದಾರಿಯಲ್ಲಿ ಹೊಸ ಸೆನ್ಸರ್ ತಂದೆ. ಅಪ್ಪ "ಬಲಗೈ ಭುಜ ಮುಟ್ಟಬೇಡ" ಅಂತ ಹಟ ಹಿಡಿದರು, ಮತ್ತೆ ಎಡತೋಳಿಗೇ ಹಾಕಿದ್ದಾಯಿತು.

ಆಳುಗಳ ಸಾಲು ಅಪ್ಪನಿಗೆ ಹಿಡಿಸಲಿಲ್ಲ. "ಆಳುಗಳು ಬರೋದೇ ನಾಲ್ಕು ಜನ" ಅಂದರು. ಆಗ ಕಣ್ಣಿಗೆ ಬಿದ್ದದ್ದು ಅವರ ಮಳೆ ಪುಸ್ತಕ. ಬೆಳಿಗ್ಗೆ ಏಳು ಗಂಟೆಗೆ ಅಂಗಳದ ಮಳೆಮಾಪಕ ನೋಡಿ ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ, ನೂರು ಸೆಂಟ್ ಅಂದರೆ ಒಂದು ಇಂಚು. ಮೂವತ್ತು ವರ್ಷದ ಲೆಕ್ಕ ಇದೆ. ಹದಿನಾಲ್ಕು ವರ್ಷದ ಪುಸ್ತಕಗಳಲ್ಲಿ ಜೂನ್ 20 ತೆಗೆದು ಪಕ್ಕಪಕ್ಕ ಇಟ್ಟೆ. ಒಂದು ವರ್ಷ 310 ಸೆಂಟ್, ಒಂದು ವರ್ಷ ಸೊನ್ನೆ, ಉಳಿದವು ನಡುವೆ. "ಜೂನ್ 20ಕ್ಕೆ ಸೊನ್ನೆನೂ ಇದೆ, 310ನೂ ಇದೆ. ಒಂದೇ ದಿನ ಬಂದಿದ್ದಾ ಅಪ್ಪ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗ್ರಾಫ್ ತಿರುಗಿ ಎಳೆದುಕೊಂಡರು. "ಹಾಗಾದ್ರೆ ಈ ಐವತ್ತೆಂಟು ಯಾವುದೋ ಒಂದು ವರ್ಷದ ಸೊನ್ನೆ" ಅಂದರು.

ಸುಳ್ಳು ಲೋ ವಿಷಯ ನಾನು ಹೇಳೋ ಮೊದಲೇ ಅವರೇ ಹೇಳಿದರು. "ಮಾಪಕದ ಬಾಯಿಗೆ ಎಲೆ ಬಿದ್ದರೆ ಹೊರಗೆ ಧೋ ಅಂತ ಸುರಿದಿದ್ದರೂ ಒಳಗೆ ಹತ್ತು ಸೆಂಟ್ ಇರಲ್ಲ. ಎಡತೋಳು ಅದುಮಿ ಮಲಗೋದು ಎಲೆ ಬಿದ್ದ ಹಾಗೆ." ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಶನಿವಾರ ಬೆಳಗಿನ ಜಾವ 3:10ಕ್ಕೆ ಫೋನ್ ಕೂಗಿತು, 61. ಕರೆಂಟ್ ಇರಲಿಲ್ಲ. ಟಾರ್ಚ್ ಹಿಡಿದುಕೊಂಡು ಅಪ್ಪನ ಕೈ ತೊಳೆಸಿ ಚುಚ್ಚಿದೆ: 109. ಅಪ್ಪ ಎಡಮಗ್ಗುಲಲ್ಲೇ ಇದ್ದರು. ತಿರುಗಿ ಮಲಗಿಸಿದೆ, ಕಾಲು ಗಂಟೆಯಲ್ಲಿ ಸೆನ್ಸರ್ 104 ತೋರಿಸಿತು. ಬೆಲ್ಲ ಕೊಡಲಿಲ್ಲ. ಬೆಳಿಗ್ಗೆ 128.

ಆದರೆ ಇವತ್ತು ಬೆಳಗಿನ ಜಾವ ಬೇರೆ ಕಥೆ. ಹೊಟ್ಟೆ ಸರಿಯಿಲ್ಲ ಅಂತ ಶನಿವಾರ ರಾತ್ರಿ ಮುದ್ದೆ ಬಿಟ್ಟು ಅರ್ಧ ಲೋಟ ಗಂಜಿ ಕುಡಿದು, ಮಾತ್ರೆ ಮಾತ್ರ ಪೂರ್ತಿ ನುಂಗಿದ್ದರು. 2:40ಕ್ಕೆ ಸೆನ್ಸರ್ 68, ಚುಚ್ಚಿದರೆ 66. ಅಂಗಾತ ಮಲಗಿದ್ದರು. ಸಕ್ಕರೆ ನೀರು ಕೊಟ್ಟೆ, ಕಾಲು ಗಂಟೆ ಬಿಟ್ಟು ಚುಚ್ಚಿದಾಗ 92.

ವಾರ್ಡ್_ಸಿಸ್ಟರ್ (ರಾತ್ರಿ 8:40)

ಇದು ಎಲೆ ಬಿದ್ದದ್ದಲ್ಲ, ನಿಜವಾಗಿ ಮಳೆ ಕಡಿಮೆ. ಮುಂದಿನ ತಿಂಗಳವರೆಗೆ ಕಾಯಬೇಡಿ. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಈ ಎರಡು ರಾತ್ರಿಯ ನಂಬರ್ ಹೇಳಿ. ಊಟ ಬಿಟ್ಟ ರಾತ್ರಿ ಮಾತ್ರೆ ಏನು ಮಾಡಬೇಕು ಅಂತ ಬಾಯಿಬಿಟ್ಟು ಕೇಳಿ, ಅವರಾಗಿ ಹೇಳೋದು ಕಡಿಮೆ. ಈ ವಯಸ್ಸಿನಲ್ಲಿ ಅಂಕಿ ಸ್ವಲ್ಪ ಮೇಲಿದ್ದರೂ ನಡೆಯುತ್ತೆ, 70ರ ಕೆಳಗೆ ಇಳಿಯಬಾರದು ಅಂತಲೇ ನೋಡ್ತಾರೆ.

ಘಾಟಿ_ಬೈಕ್ (ರಾತ್ರಿ 8:52)

ಅಂದರೆ ನಾನು ಹೇಳಿದ್ದು ಅರ್ಧ ಸರಿನೇ ಇತ್ತು 😄

ತೋಳಲ್ಲಿ_ಬಿಲ್ಲೆ (ರಾತ್ರಿ 9:05)

ಒಂದು ರಾತ್ರಿಯ ಮಟ್ಟಿಗೆ, ಹೌದು. ಹಳೇ ರಿಪೋರ್ಟ್‌ನ ಆ ಮೂರನೇ ಗೆರೆ, ನಿಧಾನಕ್ಕೆ ಜಾರಿದ್ದು, ಅವತ್ತೂ ಊಟ ಬಿಟ್ಟಿದ್ದರಾ?

ಮೂಡಿಗೆರೆ_ಮಗಳು (ರಾತ್ರಿ 9:20)

ಕೇಳಿದೆ, ನೆನಪಿಲ್ಲ ಅಂದರು. ಮಳೆ ಪುಸ್ತಕ ತೆಗೆದು ಆ ತಾರೀಖು ನೋಡಿದೆವು. 140 ಸೆಂಟ್ ಮಳೆ ಅಂತಿದೆ, ಊಟದ ಬಗ್ಗೆ ಏನೂ ಇಲ್ಲ.

ಇವತ್ತಿಂದ ಪುಸ್ತಕದಲ್ಲಿ ಇನ್ನೊಂದು ಸಾಲು ಶುರುವಾಗಿದೆ. ಶನಿವಾರದ ಎದುರು ಅಪ್ಪನೇ ಬರೆದಿದ್ದಾರೆ: "85 ಸೆಂಟ್. ಮುದ್ದೆ ಒಂದು. ಎಡಮಗ್ಗುಲು. 61, ಬೆರಳು 109. ಎಲೆ." ಅದರ ಕೆಳಗೆ ಭಾನುವಾರ: "40 ಸೆಂಟ್. ಗಂಜಿ. ಅಂಗಾತ. 68, ಬೆರಳು 66. ಎಲೆ ಇಲ್ಲ."

ನಾಳೆ ಹತ್ತು ಗಂಟೆಗೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಎರಡೂವರೆಯ ಅಲಾರಂ ಮಾತ್ರ ಅಪ್ಪ ಇನ್ನೂ ತೆಗೆದಿಲ್ಲ.